ಆಸ್ಟ್ರೇಲಿಯಾ ಸ್ಟೂಡೆಂಟ್ ವೀಸಾ ರದ್ದತಿ ನೋಟಿಸ್: ಐದು ದಿನದಲ್ಲಿ ಉತ್ತರ ಬರೆಯುವುದು ಹೇಗೆ

ಮೆಲ್ಬರ್ನ್‌ನಲ್ಲಿ ಓದುತ್ತಿದ್ದ ಸಿರುಗುಪ್ಪದ ಹುಡುಗನೊಬ್ಬನಿಗೆ ಮಂಗಳವಾರ ವೀಸಾ ರದ್ದತಿಯ ನೋಟಿಸ್ ಬಂತು. ಅವನಿಗೆ ಅದು ಗೊತ್ತಾಗಿದ್ದು ಶುಕ್ರವಾರ ಬೆಳಿಗ್ಗೆ. ನಡುವಿನ ಮೂರು ದಿನ ಆ ಮೇಲ್ ಬಳ್ಳಾರಿಯ ಒಂದು ಕನ್ಸಲ್ಟೆನ್ಸಿ ಆಫೀಸಿನ ಕಂಪ್ಯೂಟರಿನಲ್ಲಿ ಯಾರೂ ತೆರೆಯದೆ ಬಿದ್ದಿತ್ತು. ಉತ್ತರ ಕೊಡಲು ಇದ್ದದ್ದೇ 5 ಕೆಲಸದ ದಿನ.

ನಾನು ಕೆಲವು ವರ್ಷ ಮೆಲ್ಬರ್ನ್‌ನಲ್ಲಿ ವಲಸೆ ವಕೀಲರೊಬ್ಬರ ಆಫೀಸಿನಲ್ಲಿ ಫೈಲ್ ಸಿದ್ಧ ಮಾಡುವ ಕೆಲಸ ಮಾಡಿದ್ದೆ. ಈಗ ಬಳ್ಳಾರಿಯಲ್ಲಿದ್ದೇನೆ. ಆ ಹುಡುಗನ ಸೋದರಮಾವ ನನಗೆ ಪರಿಚಯ. ಹಾಗಾಗಿ ಶುಕ್ರವಾರದಿಂದ ಮಂಗಳವಾರದವರೆಗೆ ಅವರ ಜೊತೆ ಕೂತಿದ್ದೆ. ಇಂಥ ನೋಟಿಸಿಗೆ ಏನು ಮಾಡಬೇಕು ಎಂಬುದನ್ನು ಅವನ ಫೈಲನ್ನೇ ಇಟ್ಟುಕೊಂಡು ಹೇಳುತ್ತೇನೆ. ನಮ್ಮ ಕಡೆಯಿಂದ ಹೋದ ಮಕ್ಕಳಿಗೆ ಜಾಸ್ತಿ ಬರುವುದು ಒಂದೇ ತರಹದ ನೋಟಿಸ್: ಸಬ್‌ಕ್ಲಾಸ್ 500 ಸ್ಟೂಡೆಂಟ್ ವೀಸಾ ಇದೆ, ಆದರೆ ಓದುತ್ತಿಲ್ಲ ಎನ್ನುವುದು. ಹಾಗಾಗಿ ಅದೊಂದನ್ನೇ ಹೇಳುತ್ತೇನೆ.

ಮೊದಲು ನೋಟಿಸನ್ನು ಓದಿ

ಭಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಮೇಲಿನ ನಾಲ್ಕು ಸಾಲು ಓದಿ, "ವೀಸಾ ಕ್ಯಾನ್ಸಲ್ ಆಯ್ತು" ಎಂದು ಮನೆಗೆ ಫೋನ್ ಮಾಡುತ್ತಾರೆ. ಆಗಿರುವುದಿಲ್ಲ. ನೋಟಿಸಿನ ತಲೆಬರಹ `Notice of Intention to Consider Cancellation` ಎಂದಿರುತ್ತದೆ. ಅಂದರೆ ರದ್ದು ಮಾಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇವೆ, ನಿಮ್ಮ ಮಾತು ಹೇಳಿ ಎಂದು ಅರ್ಥ. ತೀರ್ಮಾನ ಬರುವವರೆಗೆ ವೀಸಾ ಜೀವಂತ ಇರುತ್ತದೆ. ಅನುಮಾನ ಇದ್ದರೆ ಆಸ್ಟ್ರೇಲಿಯಾದ ಗೃಹ ಇಲಾಖೆಯ `VEVO` ಪುಟದಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ನೋಡಿ. ಅಲ್ಲಿ ವೀಸಾ ಇದೆ ಎಂದು ತೋರಿಸಿದರೆ ಇದೆ.

ಮೇಲ್ ನಿಜವಾಗಿ ಇಲಾಖೆಯದೇ ಎಂದೂ ನೋಡಿಕೊಳ್ಳಿ. ಕಳಿಸಿದವರ ವಿಳಾಸ `homeaffairs.gov.au` ಎಂದು ಮುಗಿಯಬೇಕು. ದಂಡ ಕಟ್ಟಿ, ಗಿಫ್ಟ್ ಕಾರ್ಡ್ ಕಳಿಸಿ, ಇಲ್ಲದಿದ್ದರೆ ಪೊಲೀಸ್ ಬರುತ್ತಾರೆ ಎಂದು ಹೆದರಿಸುವ ಫೋನುಗಳು ಮೋಸ. ಇಲಾಖೆ ಹಾಗೆ ದುಡ್ಡು ಕೇಳುವುದಿಲ್ಲ.

ಆಮೇಲೆ ಮೂರು ವಿಷಯಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ.

ಮೊದಲನೆಯದು ಸೆಕ್ಷನ್. ಓದು ನಿಲ್ಲಿಸಿದ್ದಕ್ಕೆ ಬರುವ ನೋಟಿಸ್ ಅಲ್ಲಿನ 1958ರ ಮೈಗ್ರೇಶನ್ ಆ್ಯಕ್ಟಿನ ಸೆಕ್ಷನ್ 116(1)(b) ಪ್ರಕಾರ ಇರುತ್ತದೆ. ವೀಸಾದ ಷರತ್ತು ಪಾಲಿಸಿಲ್ಲ ಎಂಬುದು ಅದರ ಆರೋಪ. ಅರ್ಜಿಯಲ್ಲಿ ಸುಳ್ಳು ಹೇಳಿದ್ದೀರಿ, ಬ್ಯಾಂಕ್ ಕಾಗದ ನಕಲಿ ಎಂಬ ಆರೋಪ ಇದ್ದರೆ ಅಲ್ಲಿ ಸೆಕ್ಷನ್ 107 ಮತ್ತು 109 ಕಾಣುತ್ತವೆ. ಅದು ಬೇರೆಯೇ ಕೇಸು. ಇಲ್ಲಿ ಹೇಳಿದ್ದನ್ನು ಅದಕ್ಕೆ ಹಾಗೇ ಬಳಸಬೇಡಿ, ನೇರ ವಕೀಲರ ಹತ್ತಿರ ಹೋಗಿ.

ಎರಡನೆಯದು ಷರತ್ತಿನ ನಂಬರ್. ನಮ್ಮ ಹುಡುಗನ ನೋಟಿಸಿನಲ್ಲಿ 8202 ಎಂದಿತ್ತು. ವಿದ್ಯಾರ್ಥಿ ನೋಂದಾಯಿತ ಪೂರ್ಣಾವಧಿ ಕೋರ್ಸಿನಲ್ಲಿ ಸೇರಿರಬೇಕು, ಸೇರಿಯೇ ಇರಬೇಕು, ಹಾಜರಿ ಮತ್ತು ಓದಿನ ಪ್ರಗತಿ ಸರಿ ಇರಬೇಕು ಎಂಬುದು ಆ ಷರತ್ತು. ವೀಸಾ ಯಾವ ಮಟ್ಟದ ಕೋರ್ಸಿಗೆ ಸಿಕ್ಕಿದೆಯೋ ಆ ಮಟ್ಟಕ್ಕಿಂತ ಕೆಳಗೆ ಇಳಿಯಬಾರದು ಎಂಬುದೂ ಅದರಲ್ಲೇ ಇದೆ. ಈ ಮಾತನ್ನು ನೆನಪಿಡಿ, ಮುಂದೆ ಬರುತ್ತದೆ.

ಮೂರನೆಯದು ಗಡುವು. ಸೆಕ್ಷನ್ 116ರ ನೋಟಿಸಿಗೆ ಸಾಮಾನ್ಯವಾಗಿ 5 ಕೆಲಸದ ದಿನ ಕೊಡುತ್ತಾರೆ. ನಿಮ್ಮ ನೋಟಿಸಿನಲ್ಲಿ ಏನು ಬರೆದಿದೆಯೋ ಅದೇ ಕೊನೆ. ಮೇಲ್‌ನಲ್ಲಿ ಕಳಿಸಿದ ನೋಟಿಸನ್ನು, ಕಳಿಸಿದ ದಿನದ ಕೊನೆಗೆ ನಿಮಗೆ ತಲುಪಿದೆ ಎಂದೇ ಕಾನೂನು ಹಿಡಿಯುತ್ತದೆ. ನೀವು ತೆರೆದಿರೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಸಿರುಗುಪ್ಪದ ಹುಡುಗನಿಗೆ ಮೇ 5ರ ಮಂಗಳವಾರ ಮೇಲ್ ಹೊರಟಿತ್ತು. ಬುಧವಾರದಿಂದ ಎಣಿಸಿ, ಶನಿವಾರ ಭಾನುವಾರ ಬಿಟ್ಟರೆ, ಕೊನೆಯ ದಿನ ಮೇ 12ರ ಮಂಗಳವಾರ. ಮೇ ತಿಂಗಳಲ್ಲಿ ಮೆಲ್ಬರ್ನ್ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ ಇರುತ್ತದೆ. ಅಲ್ಲಿ ಮಧ್ಯರಾತ್ರಿ ಅಂದರೆ ಇಲ್ಲಿ ಸಂಜೆ ಏಳೂವರೆ. ಊರಿಂದ ಕಾಗದ ಕಳಿಸುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. "ಮಂಗಳವಾರ ರಾತ್ರಿ ಊಟ ಆದ್ಮೇಲೆ ಕಳಿಸ್ತೀನಿ" ಎಂದರೆ ಅಲ್ಲಿ ಬುಧವಾರ ಆಗಿರುತ್ತದೆ.

ಹೆಚ್ಚು ಸಮಯ ಕೇಳಬಹುದು. ಆದರೆ ಗಡುವು ಮುಗಿಯುವ ಮುಂಚೆ, ಕಾರಣ ಕೊಟ್ಟು, ಬರವಣಿಗೆಯಲ್ಲಿ ಕೇಳಬೇಕು. ಕೊಟ್ಟೇ ಕೊಡುತ್ತಾರೆ ಎಂದು ನಂಬಿ ಕೂರಬೇಡಿ. ನಾವು ಶುಕ್ರವಾರವೇ ಸಮಯ ಕೇಳಿ ಮೇಲ್ ಹಾಕಿದೆವು. ಜೊತೆಗೆ ಮಂಗಳವಾರಕ್ಕೇ ಮುಗಿಸುವ ಹಾಗೆ ಕೆಲಸ ಶುರು ಮಾಡಿದೆವು. ಸೋಮವಾರದವರೆಗೂ ಉತ್ತರ ಬರಲಿಲ್ಲ.

ನೋಟಿಸ್ ಕೇಳುವುದು ಎರಡು ಪ್ರಶ್ನೆ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸೆಕ್ಷನ್ 119ರ ಪ್ರಕಾರ ಆ ನೋಟಿಸ್ ನಿಮ್ಮನ್ನು ಎರಡು ಬೇರೆ ಬೇರೆ ವಿಷಯ ಕೇಳುತ್ತದೆ. ಒಂದು, ನಾವು ಹೇಳಿದ ತಪ್ಪು ನಡೆದಿಲ್ಲ ಎಂದು ತೋರಿಸುತ್ತೀರಾ? ಎರಡು, ನಡೆದಿದ್ದರೂ ವೀಸಾ ಯಾಕೆ ರದ್ದು ಮಾಡಬಾರದು ಎಂದು ಹೇಳುತ್ತೀರಾ?

ನಮ್ಮ ಜನ ಮೊದಲನೆಯದಕ್ಕೇ ಜೋತು ಬೀಳುತ್ತಾರೆ. "ನಾನು ಏನೂ ತಪ್ಪು ಮಾಡಿಲ್ಲ ಸಾರ್" ಎಂದು ಮೂರು ಪುಟ ಬರೆಯುತ್ತಾರೆ. ಆದರೆ ಯೂನಿವರ್ಸಿಟಿ ನಿಮ್ಮ ಹೆಸರು ತೆಗೆದ ದಿನವೇ ಅದು ಸರ್ಕಾರದ `PRISMS` ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಬಿದ್ದಿರುತ್ತದೆ. ಅಧಿಕಾರಿಯ ಮುಂದೆ ಆ ತಾರೀಖು ಇರುತ್ತದೆ. ಆರು ತಿಂಗಳು ಎಲ್ಲೂ ಸೇರಿರಲಿಲ್ಲ ಎಂಬುದು ಕಣ್ಣಿಗೆ ಕಾಣುತ್ತಿರುವಾಗ ಇಲ್ಲ ಎಂದರೆ, ಮುಂದೆ ನೀವು ಹೇಳುವ ನಿಜವನ್ನೂ ಅವರು ಅನುಮಾನದಿಂದ ನೋಡುತ್ತಾರೆ.

ಕೇಸು ಉಳಿಯುವುದು ಎರಡನೇ ಪ್ರಶ್ನೆಯಲ್ಲಿ. ಓದು ಬಿಟ್ಟರೆ ವೀಸಾ ತಾನಾಗೇ ರದ್ದಾಗುವ ವ್ಯವಸ್ಥೆ ಹಿಂದೆ ಅಲ್ಲಿ ಇತ್ತು. 2013ರಲ್ಲಿ ಅದು ನಿಂತಿತು. ಈಗ 8202 ಮುರಿದರೆ ಅಧಿಕಾರಿ ರದ್ದು ಮಾಡಬಹುದು, ಮಾಡಲೇಬೇಕು ಎಂದಿಲ್ಲ. ಆ "ಬಹುದು" ಎಂಬ ಒಂದು ಪದದ ಮೇಲೆ ನಿಮ್ಮ ಇಡೀ ಉತ್ತರ ನಿಂತಿದೆ.

ಅಧಿಕಾರಿ ಏನೇನು ತೂಗಿ ನೋಡಬೇಕು ಎಂದು ಇಲಾಖೆಯ ನೀತಿಯಲ್ಲೇ ಹೇಳಿದೆ. ಯಾವ ಉದ್ದೇಶಕ್ಕೆ ಬಂದರು, ಆ ಉದ್ದೇಶ ಇನ್ನೂ ಇದೆಯಾ? ಉಳಿದ ಷರತ್ತುಗಳನ್ನು ಪಾಲಿಸಿದ್ದಾರಾ? ತಪ್ಪು ಹೇಗೆ ನಡೆಯಿತು, ಅದು ಅವರ ಕೈಮೀರಿದ್ದಾ? ರದ್ದಾದರೆ ಅವರಿಗೆ, ಮನೆಯವರಿಗೆ ಎಷ್ಟು ಕಷ್ಟ? ಇಲಾಖೆಯ ಜೊತೆ ನೇರವಾಗಿ ನಡೆದುಕೊಂಡಿದ್ದಾರಾ? ಅವರ ವೀಸಾದ ಮೇಲೆ ಬಂದ ಹೆಂಡತಿ, ಗಂಡ, ಮಕ್ಕಳು ಇದ್ದಾರಾ? ಈ ಕೊನೆಯದು ದೊಡ್ಡ ವಿಷಯ. ನಿಮ್ಮ ವೀಸಾ ರದ್ದಾದರೆ ಅದನ್ನು ಹಿಡಿದು ಬಂದವರ ವೀಸಾವೂ ಸೆಕ್ಷನ್ 140ರ ಪ್ರಕಾರ ಜೊತೆಗೇ ಹೋಗುತ್ತದೆ. ಚಿಕ್ಕ ಮಕ್ಕಳಿದ್ದರೆ ಅವರ ಹಿತವನ್ನು ಅಧಿಕಾರಿ ಬೇರೆಯಾಗಿ ನೋಡಬೇಕು. ಅವರ ಶಾಲೆಯ ಪತ್ರವನ್ನೂ ಸೇರಿಸಿ.

ತಾರೀಖಿನ ಪಟ್ಟಿ ಮಾಡಿ

ಶುಕ್ರವಾರ ಮಧ್ಯಾಹ್ನ ನಾವು ಮಾಡಿದ ಮೊದಲ ಕೆಲಸ ಪತ್ರ ಬರೆಯುವುದಲ್ಲ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು, ಎಡಗಡೆ ತಾರೀಖು, ಬಲಗಡೆ ಏನಾಯಿತು ಎಂದು ಬರೆದೆವು. ಹುಡುಗ ವಿಡಿಯೋ ಕಾಲಿನಲ್ಲಿ ಹೇಳುತ್ತಾ ಹೋದ. ಅವನ ಅವ್ವ ಇಲ್ಲಿಂದ ಆಸ್ಪತ್ರೆಯ ಚೀಟಿಗಳನ್ನು ತೆಗೆದು ತಾರೀಖು ಓದಿದರು.

ಹೊರಬಂದ ಕಥೆ ಇದು. ಮಾಸ್ಟರ್ಸ್ ಕೋರ್ಸ್. ಮೊದಲ ಸೆಮಿಸ್ಟರಿನ ನಾಲ್ಕೂ ವಿಷಯ ಪಾಸ್. ಜುಲೈ ಕೊನೆಯಲ್ಲಿ ಎರಡನೇ ಸೆಮಿಸ್ಟರ್ ಶುರು. ಆಗಸ್ಟ್ 9ಕ್ಕೆ ಸಿರುಗುಪ್ಪದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಳ್ಳಾರಿಗೆ ತಂದು ಐಸಿಯುನಲ್ಲಿಟ್ಟರು. ಹುಡುಗ 11ಕ್ಕೆ ವಿಮಾನ ಹತ್ತಿದ. ಒಬ್ಬನೇ ಮಗ. ಅಕ್ಟೋಬರ್ 6ಕ್ಕೆ ವಾಪಸ್ ಹೋದ. ರಜೆಗೆ ಅರ್ಜಿ ಹಾಕಿರಲಿಲ್ಲ. ಒಬ್ಬ ಲೆಕ್ಚರರಿಗೆ ಮಾತ್ರ ಮೇಲ್ ಮಾಡಿದ್ದ. ಎರಡನೇ ಕಂತಿನ ಫೀ ಆಸ್ಪತ್ರೆಗೆ ಹೋಯಿತು. ನವೆಂಬರ್ 14ಕ್ಕೆ ಯೂನಿವರ್ಸಿಟಿ ಅವನ ಪ್ರವೇಶ ದಾಖಲೆ, ಅಂದರೆ ಸಿಒಇ, ರದ್ದು ಮಾಡಿತು. ಅಲ್ಲಿಂದ ಮೇ ತಿಂಗಳವರೆಗೆ ಎಲ್ಲೂ ಸೇರಲಿಲ್ಲ.

ಪಟ್ಟಿ ಮಾಡಿದಾಗ ಎರಡು ವಿಷಯ ಹೊರಬಿದ್ದವು. ಒಂದು ನಮಗೆ ಅನುಕೂಲ. ಜುಲೈನಿಂದಲೂ ಅವನು ಓದಿಲ್ಲ ಎಂದು ನೋಟಿಸಿನಲ್ಲಿತ್ತು. ಅದು ತಪ್ಪು. ಸಿಒಇ ನವೆಂಬರ್ 14ರವರೆಗೆ ಇತ್ತು, ಎರಡು ವಾರ ತರಗತಿಗೂ ಹೋಗಿದ್ದ. ಇಂಥ ತಪ್ಪನ್ನು ದಾಖಲೆ ಸಮೇತ ತೋರಿಸಬೇಕು, ಜಗಳ ಆಡದೆ. ಇನ್ನೊಂದು ನಮಗೆ ಕಷ್ಟ. ಅಕ್ಟೋಬರಿನಲ್ಲಿ ವಾಪಸ್ ಹೋದ ಮೇಲೆ ಏಳು ತಿಂಗಳು ಏನು ಮಾಡಿದ? ಅಪ್ಪನ ಕಾಯಿಲೆ ಆಗಸ್ಟ್‌ನಿಂದ ಅಕ್ಟೋಬರಿಗೆ ಉತ್ತರ ಆಗುತ್ತದೆ, ಫೆಬ್ರವರಿಗೆ ಆಗುವುದಿಲ್ಲ. ಅಧಿಕಾರಿ ಮೊದಲು ಕೈ ಇಡುವುದೇ ಈ ಖಾಲಿ ಜಾಗದ ಮೇಲೆ. ನಿಮ್ಮ ಪಟ್ಟಿಯಲ್ಲೂ ಹಾಗೊಂದು ಜಾಗ ಇರುತ್ತದೆ. ಅದನ್ನು ಮುಚ್ಚಿಟ್ಟರೆ ಉತ್ತರ ಬಿದ್ದುಹೋಗುತ್ತದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾಮಾ, ಫೀಗೆ ದುಡ್ಡು ಇರ್ಲಿಲ್ಲ. ಮನೇಲಿ ಕೇಳೋಕೆ ಮನಸ್ಸು ಬರ್ಲಿಲ್ಲ. ಸೀಟು ಹೋಗಿದೆ ಅಂತ ಅವ್ವನಿಗೆ ಹೇಳೇ ಇಲ್ಲ" ಎಂದ. ಅವನ ಅವ್ವ ಪಕ್ಕದಲ್ಲೇ ಕೂತಿದ್ದರು. ಆ ಮಾತನ್ನೇ ನಾವು ಉತ್ತರದಲ್ಲಿ ಬರೆದೆವು, ಬಣ್ಣ ಹಚ್ಚದೆ. ಫೆಬ್ರವರಿಯಲ್ಲಿ ಯೂನಿವರ್ಸಿಟಿಗೆ ಮರುಪ್ರವೇಶ ಕೇಳಿ ಅವನು ಕಳಿಸಿದ್ದ ಒಂದು ಮೇಲ್ ಸಿಕ್ಕಿತು. ಬಾಕಿ ಫೀ ಕಟ್ಟಿ ಎಂಬ ಅವರ ಉತ್ತರವೂ ಸಿಕ್ಕಿತು. ಓದುವ ಉದ್ದೇಶ ಬಿಟ್ಟಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇರಲಿಲ್ಲ.

ಕಾಗದ ಒಟ್ಟು ಮಾಡುವುದು

ಪಟ್ಟಿಯ ಪ್ರತಿ ಸಾಲಿಗೆ ಒಂದು ಕಾಗದ ಬೇಕು. ಕಾಗದ ಇಲ್ಲದ ಸಾಲು ಬರೀ ಮಾತಾಗಿ ಉಳಿಯುತ್ತದೆ.

ನಾವು ಸೇರಿಸಿದ್ದು ಇಷ್ಟು: ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಬಿಲ್ಲುಗಳು, ವಿಮಾನದ ಟಿಕೆಟ್, ಪಾಸ್‌ಪೋರ್ಟಿನಲ್ಲಿ ನಮ್ಮ ಇಮಿಗ್ರೇಶನ್ ಹಾಕಿದ ಸೀಲು, ಲೆಕ್ಚರರಿಗೆ ಬರೆದ ಮೇಲ್, ಮೊದಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಫೆಬ್ರವರಿಯ ಮೇಲ್‌ಗಳು, ಸಂಬಳದ ಸ್ಲಿಪ್ಪುಗಳು. ಸ್ಲಿಪ್ಪು ಯಾಕೆ ಅಂದರೆ, ಕೋರ್ಸ್ ನಡೆಯುವಾಗ ಸ್ಟೂಡೆಂಟ್ ವೀಸಾದವರು ಎರಡು ವಾರಕ್ಕೆ 48 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಅವನು ಆ ಮಿತಿಯನ್ನು ಎಂದೂ ದಾಟಿರಲಿಲ್ಲ. ಉಳಿದ ಷರತ್ತು ಪಾಲಿಸಿದ್ದಾನೆ ಎಂದು ಅದರಿಂದ ತೋರಿಸಬಹುದಿತ್ತು. ನಿಮ್ಮ ಸ್ಲಿಪ್ಪಿನಲ್ಲಿ ಗಂಟೆ ಮೀರಿದ್ದರೆ ಕಳಿಸುವ ಮುಂಚೆ ವಕೀಲರಿಗೆ ತೋರಿಸಿ.

ಕನ್ನಡದ ಕಾಗದಗಳ ವಿಷಯದಲ್ಲಿ ನಮ್ಮವರು ಎಡವುತ್ತಾರೆ. ಇಂಗ್ಲಿಷಿನಲ್ಲಿ ಇಲ್ಲದ ಪ್ರತಿ ಕಾಗದಕ್ಕೂ ಅನುವಾದ ಜೊತೆಗಿರಬೇಕು. ಮೂಲದ ಪ್ರತಿಯೂ ಬೇಕು. ಭಾರತದಲ್ಲಿ ಅನುವಾದ ಮಾಡಿಸಿದರೆ, ಮಾಡಿದವರ ಪೂರ್ತಿ ಹೆಸರು, ವಿಳಾಸ, ಫೋನ್, ಆ ಭಾಷೆಯಲ್ಲಿ ಅವರಿಗಿರುವ ಅರ್ಹತೆ ಮತ್ತು ಅನುಭವ ಅದರ ಮೇಲೆ ಇರಬೇಕು. ಆಸ್ಟ್ರೇಲಿಯಾದಲ್ಲಿ ಮಾಡಿಸಿದರೆ ಅಲ್ಲಿನ `NAATI` ಸಂಸ್ಥೆಯ ಮಾನ್ಯತೆ ಇರುವವರೇ ಆಗಬೇಕು. ನಮ್ಮ ಹುಡುಗನ ಅಪ್ಪನ ಪಹಣಿ ಮತ್ತು ಸೊಸೈಟಿಯ ಸಾಲದ ಪತ್ರ ಎರಡೂ ಕನ್ನಡದಲ್ಲಿದ್ದವು. ಶನಿವಾರ ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಕೂತು ಎರಡನ್ನೂ ಅನುವಾದ ಮಾಡಿ, ತಮ್ಮ ವಿವರ ಬರೆದು ಸಹಿ ಹಾಕಿ ಕೊಟ್ಟರು.

ಪಹಣಿ ಯಾಕೆ ಬೇಕಾಯಿತು ಅಂದರೆ, ಕಷ್ಟ ಎಂದು ಬರೆದರೆ ಸಾಲದು, ಎಷ್ಟು ಎಂದು ಕಾಣಬೇಕು. ಕಾಲುವೆ ನೀರಿನ ಭತ್ತದ ಗದ್ದೆಯ ಮೇಲೆ ಸಾಲ ಎತ್ತಿ ಅವನನ್ನು ಓದಲು ಕಳಿಸಿದ್ದರು. ಗದ್ದೆ ಎಷ್ಟು ಎಕರೆ, ಸಾಲ ಎಷ್ಟು, ಗದ್ದೆ ನೋಡುವವರು ಹಾಸಿಗೆ ಹಿಡಿದಿದ್ದಾರೆ, ಅವನ ಡಿಗ್ರಿ ನಿಂತರೆ ಸಾಲ ತೀರಿಸುವ ದಾರಿ ಇಲ್ಲ. ಇಷ್ಟನ್ನು ಕಾಗದವೇ ಹೇಳಿತು. "ನಮ್ಮ ಕುಟುಂಬ ಬೀದಿಗೆ ಬರುತ್ತದೆ" ಎಂದು ಬರೆಯುವ ಅಗತ್ಯ ಬೀಳಲಿಲ್ಲ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಆ ದಿನಗಳಲ್ಲಿ ಒಬ್ಬರು ಬಂದು, "ಹುಡುಗನಿಗೂ ಡಿಪ್ರೆಶನ್ ಇತ್ತು ಅಂತ ಒಂದು ಸರ್ಟಿಫಿಕೇಟ್ ಮಾಡಿಸಿಬಿಡೋಣ, ನನಗೆ ಗೊತ್ತಿರೋ ಡಾಕ್ಟ್ರು ಇದ್ದಾರೆ" ಎಂದರು. ಮಾಡಬೇಡಿ. ಷರತ್ತು ಮುರಿದದ್ದು ಕ್ಷಮೆ ಸಿಗಬಹುದಾದ ತಪ್ಪು. ಸುಳ್ಳು ಕಾಗದ ಕೊಟ್ಟದ್ದು ಹಾಗಲ್ಲ. ಮುಂದಿನ ವೀಸಾ ಅರ್ಜಿಯಲ್ಲಿ ನಕಲಿ ದಾಖಲೆ ಸಿಕ್ಕಿದರೆ 4020 ಎಂಬ ನಿಯಮದಲ್ಲಿ ಮೂರು ವರ್ಷ ಬಾಗಿಲು ಮುಚ್ಚುತ್ತದೆ. ನಿಜವಾಗಿ ಖಿನ್ನತೆ ಇದ್ದರೆ, ಆಗ ಚಿಕಿತ್ಸೆ ಕೊಟ್ಟ ವೈದ್ಯರ, ಆಗಿನ ತಾರೀಖಿನ ಕಾಗದ ತನ್ನಿ.

ಮತ್ತೆ ಸೇರುವುದು, ಸರಿಯಾದ ಮಟ್ಟದಲ್ಲಿ

ಉತ್ತರಕ್ಕೆ ಬಲ ಕೊಡುವುದು ಹೊಸ ಸಿಒಇ. ನಾನು ಓದುತ್ತೇನೆ ಎನ್ನುವ ಮಾತಿಗಿಂತ, ಸೇರಿದ್ದೇನೆ ಎನ್ನುವ ದಾಖಲೆ ದೊಡ್ಡದು. ಶುಕ್ರವಾರವೇ ಹುಡುಗ ತನ್ನ ಹಳೆಯ ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಖುದ್ದಾಗಿ ಹೋಗಿ, ನೋಟಿಸ್ ತೋರಿಸಿ, ಜುಲೈ ಸೆಮಿಸ್ಟರಿಗೆ ಮರುಪ್ರವೇಶ ಕೇಳಿದ. ಸೋಮವಾರ ಮಧ್ಯಾಹ್ನ ಆಫರ್ ಲೆಟರ್ ಬಂತು. ಫೀ ಕಟ್ಟಿದ ಮೇಲೆಯೇ ಸಿಒಇ. ಸೋದರಮಾವ ಹಣ ಹೊಂದಿಸಲು ಒಪ್ಪಿದರು. ಬ್ಯಾಂಕಿನಿಂದ ಹೋಗಲು ಕೆಲವು ದಿನ ಬೇಕಿತ್ತು. ಹಾಗಾಗಿ ಆಫರ್ ಲೆಟರ್ ಮತ್ತು ಮಾವನ ಬ್ಯಾಂಕ್ ಸ್ಟೇಟ್‌ಮೆಂಟ್ ಮೊದಲು ಕಳಿಸಿ, ಸಿಒಇ ಬಂದ ತಕ್ಷಣ ಕಳಿಸುತ್ತೇವೆ ಎಂದು ಬರೆದೆವು. ತೀರ್ಮಾನ ಆಗುವವರೆಗೆ ಬಂದ ಮಾಹಿತಿಯನ್ನು ಅಧಿಕಾರಿ ನೋಡುತ್ತಾರೆ. ಆದರೆ ಗಡುವಿನ ಮರುದಿನವೇ ತೀರ್ಮಾನ ಆಗಬಹುದು, ಹಾಗಾಗಿ ಮುಖ್ಯವಾದದ್ದನ್ನು ಆಮೇಲೆ ಎಂದು ಇಡಬೇಡಿ.

ಈ ಹೊತ್ತಿನಲ್ಲಿ ಬಹಳ ಮಕ್ಕಳು ಒಂದು ಗುಂಡಿಗೆ ಬೀಳುತ್ತಾರೆ. ಯಾರೋ ಏಜೆಂಟ್, "ಒಂದೇ ದಿನದಲ್ಲಿ ಸಿಒಇ ಕೊಡಿಸ್ತೀನಿ, ಫೀ ಕಡಿಮೆ" ಎಂದು ಯಾವುದೋ ಡಿಪ್ಲೊಮಾ ಕಾಲೇಜಿಗೆ ಸೇರಿಸುತ್ತಾನೆ. ಮಾಸ್ಟರ್ಸ್ ವೀಸಾ ಇರುವವರು ಡಿಪ್ಲೊಮಾಕ್ಕೆ ಇಳಿದರೆ 8202 ಇನ್ನೊಂದು ಬಗೆಯಲ್ಲಿ ಮುರಿದ ಹಾಗಾಯಿತು. ಅಲ್ಲಿನ ಅರ್ಹತಾ ಚೌಕಟ್ಟಿನಲ್ಲಿ ಮಾಸ್ಟರ್ಸ್ 9ನೇ ಮಟ್ಟ, ಬ್ಯಾಚುಲರ್ 7, ಡಿಪ್ಲೊಮಾ 5. ಒಂದು ತಪ್ಪು ಸರಿ ಮಾಡಲು ಹೋಗಿ, ಓದುವ ಉದ್ದೇಶವೇ ಇಲ್ಲ ಎಂದು ತಾವೇ ಬರೆದುಕೊಟ್ಟ ಹಾಗೆ ಆಗುತ್ತದೆ. ನಿಜವಾಗಿಯೂ ಕೆಳಗಿನ ಕೋರ್ಸೇ ಬೇಕಾದರೆ ಅದಕ್ಕೆ ಹೊಸ ವೀಸಾ ಮೊದಲು ಪಡೆಯಬೇಕು.

ಉತ್ತರದ ಪತ್ರ

ಇಂಗ್ಲಿಷಿನಲ್ಲಿ ಬರೆಯಬೇಕು. ಮೂರು ನಾಲ್ಕು ಪುಟ ಸಾಕು. ಕಾನೂನಿನ ದೊಡ್ಡ ಮಾತು ಬೇಡ, ವಿದ್ಯಾರ್ಥಿಯ ಸ್ವಂತ ಧ್ವನಿ ಇರಲಿ. ಮೇಲೆ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ನೋಟಿಸಿನಲ್ಲಿರುವ ಫೈಲ್ ನಂಬರ್. ಆಮೇಲೆ ಮೊದಲ ಪ್ರಶ್ನೆಗೆ ಉತ್ತರ, ಒಂದೆರಡು ಪ್ಯಾರಾದಲ್ಲಿ. ನಮ್ಮದು ಹೆಚ್ಚುಕಡಿಮೆ ಹೀಗಿತ್ತು:

"ನವೆಂಬರ್ 14ರಿಂದ ನಾನು ಯಾವ ಕೋರ್ಸಿನಲ್ಲೂ ಸೇರಿರಲಿಲ್ಲ. ಆ ಅವಧಿಯಲ್ಲಿ 8202 ಷರತ್ತು ಪಾಲಿಸಿಲ್ಲ ಎಂಬುದನ್ನು ಒಪ್ಪುತ್ತೇನೆ. ಜುಲೈನಿಂದಲೇ ಓದುತ್ತಿರಲಿಲ್ಲ ಎಂದು ನೋಟಿಸಿನಲ್ಲಿರುವುದು ಸರಿಯಲ್ಲ. ನವೆಂಬರ್ 14ರವರೆಗೆ ನನ್ನ ಪ್ರವೇಶ ಇತ್ತು. ಲಗತ್ತು 1 ನೋಡಿ."

ಒಪ್ಪಿಕೊಂಡಿದ್ದಕ್ಕೆ ಸೋದರಮಾವ ಗಾಬರಿಯಾದರು. "ನಾವೇ ಒಪ್ಪಿದ್ರೆ ಮುಗೀತಲ್ರೀ" ಎಂದರು. ಒಪ್ಪದಿದ್ದರೂ ದಾಖಲೆ ಅದನ್ನೇ ಹೇಳುತ್ತದೆ. ಒಪ್ಪಿದರೆ ಅಧಿಕಾರಿ ಎರಡನೇ ಪ್ರಶ್ನೆಗೆ ಬೇಗ ಬರುತ್ತಾರೆ, ಮತ್ತು ಇವನು ನೇರ ಮಾತಾಡುತ್ತಾನೆ ಎಂದು ನಂಬುತ್ತಾರೆ. ಆದರೆ ತಪ್ಪು ನಿಜವಾಗಿ ನಡೆದಿಲ್ಲದಿದ್ದರೆ ಒಪ್ಪಲೇಬೇಡಿ. ಕಾಲೇಜು ತಪ್ಪಾಗಿ ಹೆಸರು ತೆಗೆದಿರುವುದು, ಬೇರೆ ಯೂನಿವರ್ಸಿಟಿಯ ಸಿಒಇ ಇದ್ದೂ ನೋಟಿಸ್ ಬಂದಿರುವುದು, ಇವೆಲ್ಲ ಆಗುತ್ತವೆ. ಆಗ ಮೊದಲ ಪ್ರಶ್ನೆಯಲ್ಲೇ ಗಟ್ಟಿಯಾಗಿ ನಿಲ್ಲಬೇಕು.

ಎರಡನೇ ಪ್ರಶ್ನೆಗೆ ಉಳಿದ ಪುಟಗಳು. ಅಧಿಕಾರಿ ತೂಗುವ ವಿಷಯಗಳನ್ನೇ ಉಪಶೀರ್ಷಿಕೆ ಮಾಡಿ, ಒಂದೊಂದರ ಕೆಳಗೆ ನಡೆದದ್ದು, ಅದರ ಲಗತ್ತಿನ ನಂಬರ್. ಹೀಗಾಯಿತು, ಇದು ನನ್ನ ಕೈಮೀರಿತ್ತು, ಇದು ನನ್ನ ತಪ್ಪು, ಇದನ್ನು ಹೀಗೆ ಸರಿಪಡಿಸಿದ್ದೇನೆ. ಕೊನೆಗೆ ಲಗತ್ತುಗಳ ಪಟ್ಟಿ. ನೋಟಿಸಿನಲ್ಲಿ ಹೇಳಿದ ಮೇಲ್ ವಿಳಾಸಕ್ಕೋ ಇಲಾಖೆಯ ಆನ್‌ಲೈನ್ ಖಾತೆ `ImmiAccount` ಮೂಲಕವೋ, ಹೇಗೆ ಹೇಳಿದ್ದಾರೋ ಹಾಗೇ ಕಳಿಸಬೇಕು. ತಲುಪಿದೆ ಎಂಬ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಮ್ಮದು ಮಂಗಳವಾರ ಬಳ್ಳಾರಿ ಸಮಯ ಮಧ್ಯಾಹ್ನ ಎರಡಕ್ಕೆ ಹೋಯಿತು.

ಉತ್ತರ ಬರೆಯಲು ದುಡ್ಡು ಕೊಟ್ಟು ಯಾರನ್ನಾದರೂ ಹಿಡಿಯುವುದಾದರೆ ಆಸ್ಟ್ರೇಲಿಯಾದ ವಕೀಲರು ಅಥವಾ ಅಲ್ಲಿ ನೋಂದಾಯಿತ ಮೈಗ್ರೇಶನ್ ಏಜೆಂಟ್ ಆಗಲಿ. ನೋಂದಾಯಿತರಿಗೆ `MARN` ಎಂಬ ನಂಬರ್ ಇರುತ್ತದೆ, ಸರ್ಕಾರದ ಪಟ್ಟಿಯಲ್ಲಿ ಹಾಕಿ ನೋಡಬಹುದು. ಅಡ್ಮಿಷನ್ ಮಾಡಿಸಿದ ಊರಿನ ಕನ್ಸಲ್ಟೆನ್ಸಿಗೆ ಈ ಕೆಲಸ ಬರುವುದಿಲ್ಲ. ಹೆಚ್ಚಿನವರು ಹಳೆಯ ಒಂದು ಮಾದರಿ ಪತ್ರಕ್ಕೆ ಹೆಸರು ಬದಲಿಸಿ ಕಳಿಸುತ್ತಾರೆ.

ಉತ್ತರ ಕಳಿಸಿ ಕಾಯುವಾಗ ಊರಿಗೆ ಬರಬೇಡಿ. ಆಸ್ಟ್ರೇಲಿಯಾದ ಒಳಗಿದ್ದರೆ ಮೊದಲು ಕೇಳಿ ಆಮೇಲೆ ತೀರ್ಮಾನ. ಹೊರಗಿದ್ದರೆ ಸೆಕ್ಷನ್ 128ರಲ್ಲಿ ಮುಂಚೆ ನೋಟಿಸ್ ಕೊಡದೆಯೇ ರದ್ದು ಮಾಡಿ, ಆಮೇಲೆ ವಾಪಸ್ ಪಡೆಯಬೇಕಾ ಎಂದು ನಿಮ್ಮನ್ನು ಕೇಳುವ ಅಧಿಕಾರ ಅವರಿಗಿದೆ. ಮನೆಯಲ್ಲಿ ಮದುವೆ ಇದ್ದರೂ ಅಷ್ಟೇ.

ರದ್ದಾದರೆ

ರದ್ದಾದ ಗಳಿಗೆಯಿಂದ ಅಲ್ಲಿ ಇರುವುದು ಕಾನೂನುಬಾಹಿರ ಆಗುತ್ತದೆ. ಬಂಧನಕ್ಕೂ ಅವಕಾಶ ಇದೆ. ಹಾಗಾಗಿ ತಾತ್ಕಾಲಿಕವಾಗಿ ಅಲ್ಲಿ ಇರಲು ಕೊಡುವ ಬ್ರಿಡ್ಜಿಂಗ್ ವೀಸಾ ಇ ಅನ್ನು ಅದೇ ದಿನ ಕೇಳಬೇಕು. ಆ ದೇಶದೊಳಗಿದ್ದುಕೊಂಡು ಬೇರೆ ವೀಸಾಕ್ಕೆ ಅರ್ಜಿ ಹಾಕುವುದನ್ನು ಸೆಕ್ಷನ್ 48 ಬಹುಮಟ್ಟಿಗೆ ತಡೆಯುತ್ತದೆ.

ಮೇಲ್ಮನವಿ ಹೋಗುವುದು ಆಡಳಿತ ಪರಿಶೀಲನಾ ಟ್ರಿಬ್ಯುನಲ್ಲಿಗೆ. 2024ರ ಅಕ್ಟೋಬರ್ 14ರಿಂದ ಹಳೆಯ ಎಎಟಿಯ ಜಾಗದಲ್ಲಿ ಅದು ಬಂದಿದೆ. ಎಷ್ಟು ದಿನದೊಳಗೆ ಹಾಕಬೇಕು ಎಂದು ರದ್ದತಿ ಪತ್ರದಲ್ಲೇ ಇರುತ್ತದೆ. ಆ ದಿನ ಮೀರಿದರೆ ಟ್ರಿಬ್ಯುನಲ್ಲಿಗೂ ಅದನ್ನು ವಿಸ್ತರಿಸುವ ಅಧಿಕಾರ ಇಲ್ಲ. ಶುಲ್ಕ ಮೂರು ಸಾವಿರ ಡಾಲರಿಗೂ ಹೆಚ್ಚು. ಅಲ್ಲಿ ಇಡೀ ಕೇಸನ್ನು ಹೊಸದಾಗಿ ನೋಡುತ್ತಾರೆ, ಆಮೇಲೆ ಸಿಕ್ಕ ಕಾಗದವನ್ನೂ ಕೊಡಬಹುದು.

ಇದಕ್ಕೂ ಮುಂಚಿನ ನೋಟಿಸ್

ಇಲಾಖೆಗೆ ಹೇಳುವ ಮುಂಚೆ ಯೂನಿವರ್ಸಿಟಿ ನಿಮಗೆ ಹೇಳಲೇಬೇಕು. ನಿಮ್ಮ ಬಗ್ಗೆ ವರದಿ ಮಾಡುತ್ತೇವೆ ಎಂದು ಬರವಣಿಗೆಯಲ್ಲಿ ತಿಳಿಸಿ, ಒಳಗಿನ ಮೇಲ್ಮನವಿಗೆ 20 ಕೆಲಸದ ದಿನ ಕೊಡಬೇಕು ಎಂದು ಅಲ್ಲಿನ 2018ರ ನ್ಯಾಷನಲ್ ಕೋಡ್ ಹೇಳುತ್ತದೆ. ಅಲ್ಲಿ ಆಗದಿದ್ದರೆ ದೂರು ವಿಚಾರಿಸುವ ಹೊರಗಿನ ಒಂಬುಡ್ಸ್‌ಮನ್ ಇದ್ದಾರೆ. 2025ರ ಫೆಬ್ರವರಿ 1ರಿಂದ ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆಂದೇ ರಾಷ್ಟ್ರೀಯ ವಿದ್ಯಾರ್ಥಿ ಒಂಬುಡ್ಸ್‌ಮನ್ ಕೆಲಸ ಮಾಡುತ್ತಿದ್ದಾರೆ. ನಮ್ಮ ಹುಡುಗನಿಗೂ ಆ 20 ದಿನದ ಪತ್ರ ಅಕ್ಟೋಬರಿನಲ್ಲೇ ಬಂದಿತ್ತು. ಅವನು ಆ ಮೇಲ್ ತೆರೆದಿರಲೇ ಇಲ್ಲ. ಆಗಲೇ ಡಿಸ್ಚಾರ್ಜ್ ಸಮರಿ ತೋರಿಸಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ಏನಾದರೂ ಆಗಿ ಊರಿಗೆ ಬರಬೇಕಾದರೆ, ಏರ್‌ಪೋರ್ಟಿನಿಂದಲಾದರೂ ಸರಿ, ರಜೆಯ ಫಾರಂ ತುಂಬಿ. ಲೆಕ್ಚರರಿಗೆ ಮೇಲ್ ಮಾಡಿದ್ದು ರಜೆ ಆಗುವುದಿಲ್ಲ.

ಇನ್ನು ಮೇಲ್ ವಿಳಾಸದ ವಿಷಯ. ವೀಸಾ ಅರ್ಜಿ ಹಾಕುವಾಗ ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯ ಬಹಳ ಕನ್ಸಲ್ಟೆನ್ಸಿಗಳು ತಮ್ಮದೇ ಮೇಲ್ ಕೊಟ್ಟಿರುತ್ತವೆ. ವೀಸಾ ಬಂದ ಮೇಲೆ ಅದನ್ನು ಬದಲಿಸುವುದಿಲ್ಲ. ಇಲಾಖೆಯ ಪತ್ರ ಎರಡು ವರ್ಷ ಆದ ಮೇಲೂ ಅಲ್ಲಿಗೇ ಹೋಗುತ್ತದೆ. ನಿಮ್ಮ ಮಗ ಮಗಳು ಈಗಾಗಲೇ ಅಲ್ಲಿದ್ದರೆ ಇವತ್ತೇ ಕೇಳಿ: `ImmiAccount`ನ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಒಳಗೆ ಯಾರ ಮೇಲ್ ಇದೆ? ವಿಳಾಸ ಬದಲಿಸಲು ಅಲ್ಲೇ ಆನ್‌ಲೈನ್ ಫಾರಂ ಇದೆ. ಕನ್ಸಲ್ಟೆನ್ಸಿಯವರು ಪಾಸ್‌ವರ್ಡ್ ಕೊಡದಿದ್ದರೆ ವಿದ್ಯಾರ್ಥಿ ತನ್ನದೇ ಹೊಸ ಖಾತೆ ತೆರೆದು, ವೀಸಾ ಅರ್ಜಿಯನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ಅವರನ್ನು ಪ್ರತಿನಿಧಿ ಎಂದು ತೋರಿಸಿದ್ದರೆ, ಇನ್ನು ಮುಂದೆ ಅಲ್ಲ ಎಂದು ಇಲಾಖೆಗೆ ತಿಳಿಸಬೇಕು. ಇದಕ್ಕೆ ಬೇಕಾದದ್ದು ಅರ್ಧ ಗಂಟೆ.

ಸಿರುಗುಪ್ಪದ ಹುಡುಗನ ಸಿಒಇ ಮೇ 19ಕ್ಕೆ ಬಂತು, ಅದೇ ದಿನ ಕಳಿಸಿದೆವು. ಜೂನ್ ಮೊದಲ ವಾರ ಇಲಾಖೆಯಿಂದ ಒಂದು ಪುಟದ ಮೇಲ್ ಬಂತು. ಷರತ್ತು ಮುರಿದಿರುವುದು ನಿಜ, ಆದರೂ ವೀಸಾ ರದ್ದು ಮಾಡುತ್ತಿಲ್ಲ ಎಂದಿತ್ತು. ಈ ಸಲ ಮೇಲ್ ಬಂದದ್ದು ಅವನ ಸ್ವಂತ ವಿಳಾಸಕ್ಕೆ. ಆ ಮೇಲ್, ನಮ್ಮ ಉತ್ತರ, ಎಲ್ಲ ಲಗತ್ತುಗಳನ್ನು ಒಂದು ಫೋಲ್ಡರಿನಲ್ಲಿ ಇಡಿಸಿದ್ದೇವೆ. ಮುಂದಿನ ವೀಸಾ ಅರ್ಜಿಯಲ್ಲಿ, ಹಿಂದೆ ಎಂದಾದರೂ ವೀಸಾ ಷರತ್ತು ಮುರಿದಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಅವನು ಹೌದು ಎಂದು ಗುರುತು ಹಾಕಿ ಆ ಫೋಲ್ಡರನ್ನು ಲಗತ್ತಿಸಬೇಕು.